ಪಹಣಿಯ ಲೆಕ್ಕದಲ್ಲಿ ಐದು ಗುಂಟೆ ಹೆಚ್ಚು ಬಂದರೆ

ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಎಷ್ಟೋ ವರ್ಷವಾಗಿರುತ್ತದೆ. ಒಬ್ಬರು ತಮ್ಮ ಭಾಗ ಮಾರಲು ಹೊರಟು 11ಇ ನಕ್ಷೆಗೆ ಅರ್ಜಿ ಕೊಟ್ಟಾಗ ತೊಡಕು ಹೊರಬೀಳುತ್ತದೆ: ಪಹಣಿಯ 3ನೇ ಕಾಲಂ ಮತ್ತು 9ನೇ ಕಾಲಂ ತಾಳೆಯಾಗುತ್ತಿಲ್ಲ. ಇಂಥ ವ್ಯತ್ಯಾಸವನ್ನು ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ) ಹೇಗೆ ಪತ್ತೆ ಹಚ್ಚುತ್ತಾರೆ ಎಂಬುದನ್ನು ಒಂದು ಪುಟ್ಟ ಕಥೆಯ ಮೂಲಕ ನೋಡೋಣ. ಊರೂ ಸರ್ವೆ ನಂಬರೂ ಕಲ್ಪಿತ. ಲೆಕ್ಕದ ದಾರಿ ಮಾತ್ರ ನೀವೂ ಮನೆಯಲ್ಲಿ ಕೂತು ಹಿಡಿಯಬಹುದಾದದ್ದು.

ಸರ್ವೆ ನಂಬರ್ 47. ಪಹಣಿಯ 3ನೇ ಕಾಲಂ ಪ್ರಕಾರ ಒಟ್ಟು ವಿಸ್ತೀರ್ಣ 4 ಎಕರೆ 30 ಗುಂಟೆ, ಅದರಲ್ಲಿ ‘ಅ’ ಖರಾಬು 5 ಗುಂಟೆ, ಉಳಿದದ್ದು 4 ಎಕರೆ 25 ಗುಂಟೆ. 9ನೇ ಕಾಲಂನಲ್ಲಿ ನಾಲ್ಕು ಹೆಸರುಗಳಿವೆ. ಹಿರಿಯಣ್ಣನಿಗೆ 1-26, ನಡುವಿನವನಿಗೆ 1-22, ಕಿರಿಯನಿಗೆ 1-02, ಕಿರಿಯನಿಂದ ಕೊಂಡವರಿಗೆ 0-20.

ಅರ್ಜಿದಾರ ಕ್ಯಾಲ್ಕುಲೇಟರಿನಲ್ಲಿ 1.26, 1.22, 1.02, 0.20 ಎಂದು ಕೂಡಿದ. 3.70 ಬಂತು. “ಸ್ವಾಮಿ, ಅರ್ಧ ಎಕರೆಗೂ ಹೆಚ್ಚು ಜಮೀನೇ ಕಾಣೆಯಾಗಿದೆ” ಎಂದು ಗಾಬರಿಯಿಂದ ಬಂದ. ಲೆಕ್ಕಿಗರು ಹಾಳೆ ತೆಗೆದು ಎಕರೆಯನ್ನೂ ಗುಂಟೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದರು. ಪಹಣಿಯಲ್ಲಿರುವ ಚುಕ್ಕೆ ದಶಮಾಂಶದ್ದಲ್ಲ, ಎಕರೆಗೆ 40 ಗುಂಟೆ. ಗುಂಟೆಗಳು 26, 22, 2, 20 ಸೇರಿ 70, ಅಂದರೆ 1 ಎಕರೆ 30 ಗುಂಟೆ. ಇದಕ್ಕೆ 3 ಎಕರೆ ಸೇರಿಸಿದರೆ 4 ಎಕರೆ 30 ಗುಂಟೆ. ಜಮೀನು ಕಡಿಮೆಯಾಗಿಲ್ಲ, ಕಾಗದದಲ್ಲಿ 5 ಗುಂಟೆ ಹೆಚ್ಚಾಗಿದೆ! ಕೂಡುವಾಗ ಇನ್ನೊಂದು ಎಚ್ಚರ ಬೇಕು. ಜಂಟಿ ಖಾತೆಯಲ್ಲಿ ಹಲವು ಹೆಸರುಗಳಿಗೆ ಸೇರಿ ಒಂದೇ ವಿಸ್ತೀರ್ಣ ಇರುತ್ತದೆ, ಅದನ್ನು ಹೆಸರಿಗೊಂದರಂತೆ ಎಣಿಸಬಾರದು.

ಮುಂದಿನ ಹೆಜ್ಜೆ, 3ನೇ ಕಾಲಮ್ಮೇ ಸರಿಯಿದೆಯೇ ಎಂದು ನೋಡುವುದು. ಅದಕ್ಕೆ ಭೂಮಾಪನ ಇಲಾಖೆಯ ಆಕಾರಬಂದ್ ನಕಲು ಬೇಕು. ಸರ್ವೆ ನಂಬರಿನ ಮೂಲ ವಿಸ್ತೀರ್ಣ ಮತ್ತು ಖರಾಬು ಇರುವುದು ಅಲ್ಲಿ. ನಮ್ಮ ಪ್ರಕರಣದಲ್ಲಿ ಆಕಾರಬಂದ್ ಕೂಡ 4-30 ಮತ್ತು 0-05 ಎಂದೇ ಹೇಳಿತು. ಹಾಗಾಗಿ ತಪ್ಪು 9ನೇ ಕಾಲಂನಲ್ಲೇ ಇದೆ.

ಇಲ್ಲಿಂದ ಮುಂದೆ ವ್ಯತ್ಯಾಸದ ಅಂಕಿಯೇ ಸುಳಿವು. 1-21 ಎಂಬುದು 1-12 ಆದಂತೆ ಗುಂಟೆಯ ಅಂಕಿಗಳು ತಿರುಗುಮುರುಗಾಗಿದ್ದರೆ ವ್ಯತ್ಯಾಸ 9, 18 ಅಥವಾ 27 ಗುಂಟೆ ಬರುತ್ತದೆ. ಇಲ್ಲಿ ಬಂದದ್ದು 5, ಖರಾಬು ಎಷ್ಟಿದೆಯೋ ಅಷ್ಟೇ. ಯಾರದೋ ಪಾಲಿನಲ್ಲಿ ಖರಾಬು ಕಳೆಯದೆ ಬರೆದಿದ್ದಾರೆ ಎಂಬ ಅನುಮಾನ ಲೆಕ್ಕಿಗರಿಗೆ ಬಂತು. ಆದರೆ ಅನುಮಾನದ ಮೇಲೆ ತಿದ್ದಲಾಗದು. ಅವರು 10ನೇ ಕಾಲಂನಲ್ಲಿದ್ದ ಎಂ.ಆರ್. ನಂಬರುಗಳನ್ನು ಹಿಡಿದು ಹಿಂದಕ್ಕೆ ಹೋದರು. ಕೊನೆಯದು ಕ್ರಯದ್ದು: ಕಿರಿಯನ 1-22ರಲ್ಲಿ 20 ಗುಂಟೆ ಹೋಗಿ 1-02 ಉಳಿದಿದೆ, ಸರಿಯಿದೆ. ಅದಕ್ಕೂ ಹಿಂದಿನದು ಪಾಲುಪಟ್ಟಿಯದು. ಮೂಲ ಪತ್ರದಲ್ಲಿ ಹಿರಿಯಣ್ಣನ ಪಾಲು “ಬಂಡೆ ಇರುವ 5 ಗುಂಟೆ ಖರಾಬು ಸೇರಿ 1 ಎಕರೆ 26 ಗುಂಟೆ” ಎಂದಿತ್ತು. ಮ್ಯುಟೇಷನ್ ಬರೆದವರು ‘ಖರಾಬು ಸೇರಿ’ ಎಂಬುದನ್ನು ಬಿಟ್ಟು ಅಂಕಿಯನ್ನಷ್ಟೇ ಎತ್ತಿಕೊಂಡಿದ್ದರು. ಕೈಬರಹದ ಪಹಣಿಯ ಆ ತಪ್ಪು ‘ಭೂಮಿ’ ಗಣಕೀಕರಣದಲ್ಲಿ ಹಾಗೇ ಮುಂದುವರಿಯಿತು.

ಎಲ್ಲರ ಪಾಲಿನಿಂದಲೂ ಒಂದೂಕಾಲು ಗುಂಟೆ ಕಳೆದು ಸರಿದೂಗಿಸಿ ಎಂದು ಯಾರೋ ಸಲಹೆ ಕೊಟ್ಟರು. ಲೆಕ್ಕಿಗರು ಒಪ್ಪಲಿಲ್ಲ, ಅದು ಸರಿ ಕೂಡ. ಹಾಗೆ ಮಾಡಿದರೆ ಮೊತ್ತ ಕೂಡಿಬರುತ್ತದೆ, ಆದರೆ ತಪ್ಪಿಲ್ಲದ ಮೂವರ ದಾಖಲೆ ಕೆಡುತ್ತದೆ.

ತಿದ್ದುಪಡಿಗೆ ಅರ್ಜಿ ಹೋಗಬೇಕಾದದ್ದು ತಹಶೀಲ್ದಾರರಿಗೆ. ಜೊತೆಗೆ ಈಗಿನ ಪಹಣಿ, ಹಳೆಯ ಕೈಬರಹದ ಪಹಣಿ, ಎರಡೂ ಮ್ಯುಟೇಷನ್‌ಗಳ ನಕಲು, ಪಾಲುಪಟ್ಟಿ, ಆಕಾರಬಂದ್ ಇರಲಿ. ಅರ್ಜಿಯಲ್ಲಿ “ವಿಸ್ತೀರ್ಣ ಸರಿಪಡಿಸಿ” ಎಂದಷ್ಟೇ ಬರೆದರೆ ಸಾಲದು. ಯಾವ ಎಂ.ಆರ್.ನಲ್ಲಿ, ಯಾರ ಹೆಸರಿನ ಮುಂದೆ, 1-21 ಇರಬೇಕಾದಲ್ಲಿ 1-26 ಬಂದಿದೆ ಎಂದು ಬಿಡಿಸಿ ಹೇಳಿ. ಗ್ರಾಮ ಲೆಕ್ಕಿಗರು ಮತ್ತು ಕಂದಾಯ ನಿರೀಕ್ಷಕರ ವರದಿ ನೋಡಿ ಆದೇಶವಾಗುತ್ತದೆ. ಹಿರಿಯಣ್ಣನ ಲಿಖಿತ ಒಪ್ಪಿಗೆ ಇದ್ದರೆ ಕೆಲಸ ಹಗುರ. ಬಂಡೆಯಿರುವ ಜಾಗ ಅವನ ಅನುಭವದಲ್ಲೇ ಉಳಿಯುತ್ತದೆ, ಸಾಗುವಳಿ ಲೆಕ್ಕದಿಂದ ಮಾತ್ರ ಹೊರಗೆ ಹೋಗುತ್ತದೆ ಎಂದು ಅವನಿಗೆ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು. ರಸ್ತೆ, ಹಳ್ಳದಂಥ ಸಾರ್ವಜನಿಕ ಉಪಯೋಗದ ‘ಬ’ ಖರಾಬಾಗಿದ್ದರೆ ಈ ಮಾತು ಹೇಳುವಂತಿಲ್ಲ.

ಅವನು ಒಪ್ಪದಿದ್ದರೆ, ಅಥವಾ ತಹಶೀಲ್ದಾರರ ಆದೇಶದಿಂದ ಯಾರಿಗಾದರೂ ಅಸಮಾಧಾನವಿದ್ದರೆ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ಪಾಲಿನ ಹಕ್ಕೇ ವಿವಾದವಾದರೆ ಅದು ಸಿವಿಲ್ ನ್ಯಾಯಾಲಯದ ವಿಷಯ. ಇನ್ನು ಆಕಾರಬಂದ್ ಮತ್ತು 3ನೇ ಕಾಲಂ ನಡುವೆಯೇ ವ್ಯತ್ಯಾಸ ಕಂಡರೆ 9ನೇ ಕಾಲಂ ಮುಟ್ಟಲು ಹೋಗಬೇಡಿ, ಮೊದಲು ಭೂಮಾಪನ ಇಲಾಖೆಯ ದಾಖಲೆ ಪರಿಶೀಲನೆ ಆಗಲಿ.