ಪೋಷಕರನ್ನು ಮಾತನಾಡಿಸುವುದು ಹೇಗೆ? ಕಲಿಕಾ ಆ್ಯಪ್ ಮಾಡುವವರಿಗೆ ಐದು ಹಂತಗಳು

ಮಕ್ಕಳ ಕಲಿಕಾ ಆ್ಯಪ್‌ನಲ್ಲಿ ಆಡುವುದು ಮಗು. ದುಡ್ಡು ಕೊಡುವುದು ಹೆಚ್ಚಿನ ಮನೆಗಳಲ್ಲಿ ಅಪ್ಪ. ಪಕ್ಕದಲ್ಲಿ ಕೂತು ಮಾಡಿಸುವುದು ಅಮ್ಮನೋ ಅಜ್ಜಿಯೋ ಆಗಿರಬಹುದು. ಹಾಗಾಗಿ 'ನಮ್ಮ ಗ್ರಾಹಕರು ಮೂವತ್ತೈದರ ವಿದ್ಯಾವಂತ ಪೋಷಕರು' ಎಂದು ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಬಳಕೆದಾರರನ್ನು ಪ್ರತಿನಿಧಿಸುವ ಕಾಲ್ಪನಿಕ ವ್ಯಕ್ತಿ, ಅಂದರೆ ಪರ್ಸೋನಾ ಎಂಬ ಕಲ್ಪನೆಯನ್ನು ಅಲನ್ ಕೂಪರ್ 1999ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದರು. ವ್ಯಕ್ತಿ ಕಾಲ್ಪನಿಕವಾದರೂ ಅವರ ನಡವಳಿಕೆಯ ವಿವರ ನಿಜವಾದ ಮನೆಗಳಿಂದಲೇ ಬರಬೇಕು. ತುಮಕೂರಿನಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕನ್ನಡ ಓದು ಕಲಿಸುವ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಂಡು ಹಂತಗಳನ್ನು ನೋಡೋಣ.

1. ಮನೆಗಳ ಆಯ್ಕೆ

ಹತ್ತು ಹನ್ನೆರಡು ಮನೆಗಳು ಸಾಕು. ಆದರೆ ಮೂರು ಬಗೆಯವರು ಇರಲೇಬೇಕು: ಟ್ಯೂಷನ್‌ಗೋ ಆ್ಯಪ್‌ಗೋ ಈಗ ದುಡ್ಡು ಕೊಡುತ್ತಿರುವವರು, ಕೊಂಡು ಬಿಟ್ಟುಬಿಟ್ಟವರು, ಎಂದೂ ಕೊಳ್ಳದವರು. ಹೆಚ್ಚು ಕಲಿಸುವವರು ನಡುವಿನವರೇ. ಎಲ್ಲಿ ಎಡವಿತು ಎಂಬುದು ಅವರಿಗೇ ಗೊತ್ತು. ಸ್ನೇಹಿತರು, ಸಹೋದ್ಯೋಗಿಗಳು ಬೇಡ. ನಿಮ್ಮ ಮನಸ್ಸು ನೋಯಿಸಬಾರದೆಂದು ಅವರು ಎಲ್ಲದಕ್ಕೂ 'ಚೆನ್ನಾಗಿದೆ' ಎಂದುಬಿಡುತ್ತಾರೆ.

2. ಮಾತುಕತೆಯ ಏರ್ಪಾಡು

ಅವರ ಮನೆಯಲ್ಲೇ, ಅವರಿಗೆ ಬಿಡುವಾದಾಗ, ಸುಮಾರು 40 ನಿಮಿಷ ಮಾತನಾಡಿ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿದರೆ ಬಹಳ ಸಲ ಒಬ್ಬರೇ ಉತ್ತರ ಕೊಡುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ; ಬೇರೆ ಬೇರೆಯಾಗಿ ಕೇಳಿ. ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಆದ್ದರಿಂದ ಮಗುವಿನ ಹೆಸರು, ಶಾಲೆಯ ಹೆಸರು ಬರೆದುಕೊಳ್ಳದೆ 'ಮನೆ 4, ಎರಡನೇ ತರಗತಿ' ಎಂದಷ್ಟೇ ಗುರುತು ಹಾಕಿ.

3. ನಡೆದದ್ದನ್ನು ಕೇಳಿ

'ಇಂಥ ಆ್ಯಪ್ ಬಂದರೆ ಕೊಳ್ಳುತ್ತೀರಾ?' ಎಂದು ಕೇಳಿದರೆ ಸಿಗುವುದು ಮರ್ಯಾದೆಯ ಉತ್ತರ. 'ದಿನಾ ಓದಿಸುತ್ತೀರಾ?' ಎಂದರಂತೂ ಪರೀಕ್ಷೆಗೆ ಕೂರಿಸಿದಂತೆ. ಯಾವ ತಾಯಿಯೂ ಇಲ್ಲ ಎನ್ನಲಾರಳು. ನಡೆದುಹೋದ ಒಂದು ದಿನವನ್ನು ಹಿಡಿದುಕೊಳ್ಳಿ. ಮಾತು ಹೀಗೆ ಸಾಗಬಹುದು:

"ಅಕ್ಕಾ, ಪಾಪು ಮನೇಲಿ ಕನ್ನಡ ಓದಿದ್ದು ಕೊನೇ ಸಲ ಯಾವತ್ತು?"

"ಸೋಮವಾರ. ಮಿಸ್ ಹೋಮ್‌ವರ್ಕ್ ಕೊಟ್ಟಿದ್ರು."

"ಆಗ ಪಕ್ಕದಲ್ಲಿ ಯಾರಿದ್ರು?"

"ನಾನೇ. ಅಡುಗೆ ಮಾಡ್ತಾ ಹೇಳಿಕೊಡ್ತಿದ್ದೆ. ಒತ್ತಕ್ಷರ ಬಂದಾಗ ಅಳೋಕೆ ಶುರು ಮಾಡ್ದ. ಅಲ್ಲಿಗೇ ಬಿಟ್ವಿ."

"ಫೋನು ಎಲ್ಲಿತ್ತು?"

"ಅವರಪ್ಪನ ಹತ್ರ. ಅವರು ಬರೋದು ಒಂಬತ್ತಕ್ಕೆ."

ಆರು ಸಾಲಿನಲ್ಲಿ ಮೂರು ಸಂಗತಿ ಸಿಕ್ಕವು: ಓದಿಗೆ ಕಾರಣ ಹೋಮ್‌ವರ್ಕ್, ತಡೆ ಒತ್ತಕ್ಷರ, ಓದುವ ಹೊತ್ತಿಗೆ ಮನೆಯಲ್ಲಿ ಫೋನಿಲ್ಲ. ಉತ್ತರ ಬಂದ ಮೇಲೆ ಸ್ವಲ್ಪ ಸುಮ್ಮನಿರಿ. ಮುಖ್ಯವಾದದ್ದು ಎಷ್ಟೋ ಸಲ ಆಮೇಲೆ ಬರುತ್ತದೆ. ನಿಮ್ಮ ಆ್ಯಪ್ ತೋರಿಸುವುದಿದ್ದರೆ ಕೊನೆಯಲ್ಲಿ ತೋರಿಸಿ.

4. ಕಣ್ಣಾರೆ ನೋಡಿ

ಒಪ್ಪಿದರೆ ಮಗುವಿನ ನೋಟ್‌ಬುಕ್ ನೋಡಿ, ಫೋನಿನಲ್ಲಿರುವ ಕಲಿಕಾ ಆ್ಯಪ್ ತೆರೆದು ಯಾವ ಪಾಠದಲ್ಲಿ ನಿಂತಿದೆ ಗಮನಿಸಿ. ಮಾತಿನಲ್ಲಿ 'ದಿನಾ', ಆ್ಯಪ್‌ನಲ್ಲಿ ಎರಡನೇ ಪಾಠ ಎಂದಿದ್ದರೆ ಎರಡನ್ನೂ ಬರೆದುಕೊಳ್ಳಿ. ತಪ್ಪು ಹಿಡಿದಂತೆ ಕೇಳಬೇಡಿ. 'ಇಲ್ಲಿಗೆ ಬಂದಾಗ ಏನಾಯ್ತು?' ಎನ್ನಿ.

5. ನಡವಳಿಕೆಯಿಂದ ಗುಂಪು ಮಾಡಿ

ದೊಡ್ಡ ಹಾಳೆಯಲ್ಲಿ ನಾಲ್ಕು ಗೆರೆ ಎಳೆಯಿರಿ: ಪಕ್ಕದಲ್ಲಿ ಕೂರುವವರು ಯಾರು, ಫೋನ್ ಯಾವಾಗ ಸಿಗುತ್ತದೆ, ಓದಿಸಲು ಪ್ರೇರಣೆ ಏನು, ದುಡ್ಡಿನ ತೀರ್ಮಾನ ಯಾರದು. ಪ್ರತಿ ಗೆರೆಯ ಮೇಲೂ ಮನೆಯ ಸಂಖ್ಯೆ ಬರೆಯಿರಿ. ಹೆಚ್ಚಿನ ಗೆರೆಗಳಲ್ಲಿ ಅವೇ ಮನೆಗಳು ಒಟ್ಟಿಗೆ ಬಂದರೆ ಅಲ್ಲೊಂದು ಪರ್ಸೋನಾ ಇದೆ. ಮನೆ 2, 4, 7, 9 ಹೀಗೆ ಕೂಡಿದವು ಎನ್ನೋಣ. ಪರ್ಸೋನಾ ಇಷ್ಟೇ: 'ಹೋಮ್‌ವರ್ಕ್ ತಾಯಿ. ಅಡುಗೆಯ ನಡುವೆ ಓದಿಸುತ್ತಾಳೆ. ಒತ್ತಕ್ಷರದಲ್ಲಿ ಮಗು ನಿಲ್ಲುತ್ತದೆ. ಫೋನ್ ರಾತ್ರಿ ಒಂಬತ್ತರ ಮೇಲೆ. ದುಡ್ಡು ಗಂಡನನ್ನು ಕೇಳಬೇಕು.' ಇದರಿಂದ ತೀರ್ಮಾನಗಳು ಹುಟ್ಟುತ್ತವೆ: ಪಾಠ ಹತ್ತು ನಿಮಿಷ ಮೀರಬಾರದು, ಒತ್ತಕ್ಷರಕ್ಕೆ ಫೋನಿಲ್ಲದೆ ಬಳಸುವ ಕಾರ್ಡುಗಳಿರಬೇಕು, ಮಗುವಿನ ಪ್ರಗತಿ ಅಪ್ಪನಿಗೂ ಕಾಣಬೇಕು.

ಕೊನೆಗೆ ಪರ್ಸೋನಾವನ್ನು ಎರಡು ಬಗೆಯಲ್ಲಿ ಒರೆಗೆ ಹಚ್ಚಿ. ಪ್ರತಿ ವಾಕ್ಯದ ಪಕ್ಕದಲ್ಲೂ ಅದು ಬಂದ ಮನೆಯ ಸಂಖ್ಯೆ ಇರಬೇಕು. ಸಂಖ್ಯೆ ಸಿಗದಿದ್ದರೆ ಅದು ನಿಮ್ಮ ಊಹೆ, ಹೊಡೆದುಹಾಕಿ. ವಾಕ್ಯ ತೆಗೆದರೂ ಆ್ಯಪ್‌ನಲ್ಲಿ ಏನೂ ಬದಲಾಗದಿದ್ದರೆ ಅದೂ ಬೇಡ. ಹನ್ನೆರಡು ಮನೆಗಳಿಂದ ಪೋಷಕರ ಬಗೆಗಳು ತಿಳಿಯುತ್ತವೆ, ಊರಿನಲ್ಲಿ ಅಂಥವರು ಶೇಕಡಾ ಎಷ್ಟು ಎಂಬುದು ತಿಳಿಯುವುದಿಲ್ಲ. ಆ ಲೆಕ್ಕಕ್ಕೆ ದೊಡ್ಡ ಸಮೀಕ್ಷೆಯೇ ಬೇಕು. ಅದರ ಪ್ರಶ್ನೆಗಳನ್ನು ಈ ಹಾಳೆಯ ನಾಲ್ಕು ಗೆರೆಗಳಿಂದಲೇ ಬರೆಯಬಹುದು.