ಮನೆಯಲ್ಲಿ ತುರ್ತು, ನಾಳೆ ಸಂದರ್ಶನ: ದಿನ ಬದಲಿಸಲು ಇಮೇಲ್ ಬರೆಯುವುದು ಹೇಗೆ?

ಸಿರುಗುಪ್ಪದ ಒಬ್ಬ ಡಿಪ್ಲೊಮಾ ಹುಡುಗನಿಗೆ 12ನೇ ತಾರೀಖು ಗುರುವಾರ ಬೆಳಿಗ್ಗೆ 10.30ಕ್ಕೆ ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಸಂದರ್ಶನ ಇದೆ ಎಂದುಕೊಳ್ಳಿ. ಬುಧವಾರ ರಾತ್ರಿ ಊಟದ ಹೊತ್ತಿಗೆ ತಾಯಿಗೆ ಲಕ್ವಾ ಹೊಡೆಯುತ್ತದೆ. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ, ಅಂದರೆ ಈಗ ಬಿಎಂಸಿಆರ್‌ಸಿ ಎಂಬ ಹೆಸರಿದ್ದರೂ ಜನರ ಬಾಯಲ್ಲಿ ವಿಮ್ಸ್ ಆಗಿಯೇ ಉಳಿದಿರುವಲ್ಲಿಗೆ, ಕರೆತರುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ಜೊತೆಗಿರುವ ಗಂಡುಮಗ ಅವನೊಬ್ಬನೇ. ಬಳ್ಳಾರಿಯಿಂದ ತೋರಣಗಲ್ಲು ದೂರವೇನಲ್ಲ. ಆದರೂ ರಕ್ತದ ಚೀಟಿ, ಸ್ಕ್ಯಾನಿಂಗ್ ಚೀಟಿ ಹಿಡಿದು ಓಡಾಡಬೇಕಾದವನು ಬೆಳಿಗ್ಗೆ ಎದ್ದು ಹೋಗಲಾರ.

ಇಂಥ ಹೊತ್ತಿನಲ್ಲಿ ನಮ್ಮ ಕಡೆಯ ಬಹಳಷ್ಟು ಹುಡುಗರು, ಹುಡುಗಿಯರು ಸುಮ್ಮನಾಗಿಬಿಡುತ್ತಾರೆ. ‘ಇನ್ನು ಕೇಳಿದರೆ ಏನು ಅಂದುಕೊಳ್ಳುತ್ತಾರೋ’ ಎಂಬ ಸಂಕೋಚ. ಹೇಳದೆ ಕೇಳದೆ ಬಾರದವನ ಹೆಸರಿನ ಮುಂದೆ ‘ಗೈರು’ ಎಂದು ಬೀಳುತ್ತದೆ, ಅಷ್ಟೇ. ತಿಳಿಸಿದವನಿಗೆ ಇನ್ನೊಂದು ದಿನ ಕೊಡಬೇಕೋ ಬೇಡವೋ ಎಂಬ ಮಾತಾದರೂ ಏಳುತ್ತದೆ.

ಮೊದಲು, ಯಾರಿಗೆ ಬರೆಯುವುದು ಎಂದು ನೋಡಿಕೊಳ್ಳಿ. ಸಂದರ್ಶನದ ಕರೆ ಬಂದ ಇಮೇಲನ್ನೇ ತೆರೆದು Reply ಒತ್ತಿ ಬರೆಯಿರಿ. ಆಗ ನಿಮ್ಮ ಅರ್ಜಿ, ಹುದ್ದೆ, ಸಮಯ ಎಲ್ಲವೂ ಕೆಳಗೇ ಇರುತ್ತವೆ, ಓದುವವರು ಹುಡುಕಬೇಕಾಗಿಲ್ಲ. ಆದರೆ ಕಳುಹಿಸಿದ ವಿಳಾಸದಲ್ಲಿ noreply ಎಂದಿದ್ದರೆ ಅಲ್ಲಿಗೆ ಹೋದ ಉತ್ತರವನ್ನು ಯಾರೂ ಓದುವುದಿಲ್ಲ. ಆ ಪತ್ರವನ್ನು ಕೊನೆಯವರೆಗೆ ಓದಿದರೆ ಸಾಮಾನ್ಯವಾಗಿ ಎಚ್‌ಆರ್ ವಿಭಾಗದವರ ಹೆಸರು, ನಂಬರು ಅಥವಾ ಬೇರೆ ವಿಳಾಸ ಸಿಗುತ್ತದೆ. ಕಾಲೇಜಿನ ಕ್ಯಾಂಪಸ್ ಆಯ್ಕೆಯಾದರೆ ಪ್ಲೇಸ್‌ಮೆಂಟ್ ಅಧಿಕಾರಿಗೂ ಅದರ ಪ್ರತಿ ಹೋಗಲಿ. ಕ್ಯಾಲೆಂಡರ್ ಆಹ್ವಾನ ಬಂದಿದ್ದರೆ ಬರೀ No ಒತ್ತಿ ಬಿಡಬೇಡಿ. ನಿಮಗೆ ಕೆಲಸವೇ ಬೇಡವೆಂದು ಅವರು ತಿಳಿದುಕೊಳ್ಳಬಹುದು.

ಇನ್ನು ದಿನದ ಲೆಕ್ಕ. ಹೆಚ್ಚು ಜನ ಎಡವುವುದು ಇಲ್ಲಿ. ಗಾಬರಿಯಲ್ಲಿ ‘ನಾಡಿದ್ದು ಬರುತ್ತೇನೆ’ ಎಂದು ಬರೆದು, ನಾಡಿದ್ದೂ ಹೋಗಲಾಗದೆ ಮತ್ತೊಮ್ಮೆ ಕೇಳುತ್ತಾರೆ. ಒಮ್ಮೆ ಬದಲಿಸಿಕೊಟ್ಟವರು ಎರಡನೇ ಸಲ ಒಪ್ಪುವುದು ಕಷ್ಟ. ಅದಕ್ಕೆ ಬರೆಯುವ ಮುಂಚೆ ಡ್ಯೂಟಿ ಡಾಕ್ಟರರನ್ನು ಎಷ್ಟು ದಿನ ಇರಬೇಕಾದೀತು ಎಂದು ಕೇಳಿ. ಅದಕ್ಕಿಂತಲೂ ಮುಖ್ಯವಾಗಿ, ನಿಮ್ಮ ಬದಲು ಆಸ್ಪತ್ರೆಯಲ್ಲಿ ಕೂರುವವರು ಯಾರು, ಅವರು ಯಾವಾಗ ಬರುತ್ತಾರೆ ಎಂಬುದನ್ನು ಮನೆಯವರೊಡನೆ ಗಟ್ಟಿಮಾಡಿಕೊಳ್ಳಿ. ನಮ್ಮ ಹುಡುಗನ ಅಕ್ಕನನ್ನು ಕುರುಗೋಡಿಗೆ ಕೊಟ್ಟಿದೆ. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಮಂಗಳವಾರ, 17ಕ್ಕೆ ಬರುತ್ತೇನೆ ಎಂದಿದ್ದಾಳೆ. ಹಾಗಾದರೆ ಅವನು ಕೇಳಬೇಕಾದದ್ದು 18, 19, 20. ತಾಯಿ ಪೂರ್ತಿ ಗುಣವಾಗುವವರೆಗೆ ಕಾಯಬೇಕಿಲ್ಲ, ಹಾಸಿಗೆಯ ಪಕ್ಕ ಇನ್ನೊಬ್ಬರು ಇದ್ದರೆ ಸಾಕು. ಮನೆಗೆ ಹೋಗಿ ಸಿರುಗುಪ್ಪದಿಂದಲೇ ಹೊರಡಬೇಕಾದರೆ ಬಳ್ಳಾರಿಯಲ್ಲಿ ಬಸ್ ಬದಲಿಸಬೇಕು, ಆದ್ದರಿಂದ 11ರ ನಂತರದ ಸಮಯ ಕೇಳುವುದು ಒಳ್ಳೆಯದು.

ಸಾವಾದ ಮನೆಯಾದರೆ ನಿಮ್ಮ ಮನೆತನದ ದಿನಕರ್ಮ ಯಾವತ್ತು ಮುಗಿಯುತ್ತದೋ ಅದರ ಮರುದಿನದಿಂದ ದಿನ ಕೊಡಿ. ತೀರಿಕೊಂಡರು ಎಂದು ನೇರವಾಗಿ ಬರೆಯಿರಿ. ‘ಮನೆಯಲ್ಲಿ ಸಮಸ್ಯೆ’ ಎಂದಷ್ಟೇ ಬರೆದರೆ ಓದುವವರಿಗೆ ಅದರ ತೂಕ ಗೊತ್ತಾಗುವುದಿಲ್ಲ.

ಈಗ ಪತ್ರ. ವಿಷಯದ ಸಾಲಿನಲ್ಲೇ ಹುದ್ದೆ, ದಿನ, ವಿನಂತಿ ಮೂರೂ ಬರಬೇಕು. ನಡುರಾತ್ರಿ ದಾಟಿದ ಮೇಲೆ ಬರೆಯುತ್ತಿದ್ದರೆ ‘ನಾಳೆ’, ‘ಇವತ್ತು’ ಎಂಬ ಪದ ಬೇಡ, ತಾರೀಖನ್ನೇ ಹಾಕಿ.

*ವಿಷಯ: ಜೂನಿಯರ್ ಟೆಕ್ನಿಷಿಯನ್ ಹುದ್ದೆ, 12ನೇ ತಾರೀಖು ಬೆಳಿಗ್ಗೆ 10.30ರ ಸಂದರ್ಶನದ ದಿನ ಬದಲಿಸಲು ವಿನಂತಿ*

*ಮಾನ್ಯರೇ,*

*12ನೇ ತಾರೀಖು ಗುರುವಾರ ಬೆಳಿಗ್ಗೆ 10.30ಕ್ಕೆ ನನ್ನನ್ನು ಸಂದರ್ಶನಕ್ಕೆ ಕರೆದಿದ್ದೀರಿ. ಬುಧವಾರ ರಾತ್ರಿ ನನ್ನ ತಾಯಿಗೆ ಪಾರ್ಶ್ವವಾಯು ಆಗಿದ್ದು, ಅವರನ್ನು ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೇವೆ. ಅವರ ಜೊತೆ ಸದ್ಯ ನಾನೊಬ್ಬನೇ ಇರುವುದರಿಂದ ಅಂದು ಬರಲು ಆಗುವುದಿಲ್ಲ.*

*ಈ ಕೆಲಸ ನನಗೆ ಬೇಕಾಗಿದೆ. 18, 19 ಅಥವಾ 20ನೇ ತಾರೀಖು ಬೆಳಿಗ್ಗೆ 11ರ ನಂತರ ಯಾವ ಸಮಯ ಕೊಟ್ಟರೂ ಬರುತ್ತೇನೆ. ಆ ದಿನಗಳು ಹೊಂದದಿದ್ದರೆ ನಿಮಗೆ ಅನುಕೂಲವಾದ ದಿನ ತಿಳಿಸಿ.*

*ಕೊನೇ ಗಳಿಗೆಯಲ್ಲಿ ನಿಮಗಾದ ತೊಂದರೆಗೆ ಕ್ಷಮೆ ಇರಲಿ. ವಾರ್ಡಿನಲ್ಲಿ ಫೋನ್ ಎತ್ತಲಾಗದಿದ್ದರೆ ನಾನೇ ಮರಳಿ ಕರೆ ಮಾಡುತ್ತೇನೆ.*

*ವಂದನೆಗಳೊಂದಿಗೆ,*
*ಹೆಸರು, ಅರ್ಜಿ ಸಂಖ್ಯೆ, ಮೊಬೈಲ್ ನಂಬರು*

ಕರೆ ಇಂಗ್ಲಿಷಿನಲ್ಲಿ ಬಂದಿದ್ದರೆ ಇದನ್ನೇ ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ಭಾಷೆ ಸರಳವಾಗಿರಲಿ, ವಾಕ್ಯಗಳು ಚಿಕ್ಕವಾಗಿರಲಿ. ಕಾಯಿಲೆಯ ವಿಷಯ ಒಂದೇ ವಾಕ್ಯದಲ್ಲಿ ಮುಗಿದಿರುವುದನ್ನು ಗಮನಿಸಿ. ಬಿಪಿ ಎಷ್ಟಿತ್ತು, ಎಲ್ಲಿ ಬಿದ್ದರು ಎಂಬ ವಿವರ ಬೇಡ. ತಾಯಿ ಹಾಸಿಗೆಯಲ್ಲಿ ಮಲಗಿರುವ ಫೋಟೊವನ್ನಂತೂ ಕಳಿಸಲೇಬಾರದು, ಅದು ಅವರ ಮಾನದ ಪ್ರಶ್ನೆ. ಆಸ್ಪತ್ರೆಯ ಚೀಟಿಯನ್ನು ಜೋಪಾನ ಮಾಡಿಟ್ಟುಕೊಳ್ಳಿ, ಅವರಾಗಿ ಕೇಳಿದರೆ ಮಾತ್ರ ಕೊಡಿ. ಆಸ್ಪತ್ರೆ ಸೇರಿದವರು ದೊಡ್ಡಪ್ಪನೋ ಅಜ್ಜಿಯೋ ಆಗಿದ್ದರೆ, ‘ನಮ್ಮ ಜೊತೆಯಲ್ಲೇ ಇರುವ’ ಅಥವಾ ‘ನನ್ನನ್ನು ಸಾಕಿದ’ ಎಂಬ ಒಂದು ಮಾತು ಸೇರಿಸಿ. ನೀವೇ ಯಾಕೆ ಅಲ್ಲಿರಬೇಕು ಎಂಬುದು ಆಗ ಹೊರಗಿನವರಿಗೆ ತಿಳಿಯುತ್ತದೆ.

ಕಳಿಸಿದ ಮೇಲೆ ಒಂದನ್ನು ನೋಡಲೇಬೇಕು. ಆಸ್ಪತ್ರೆಯ ಒಳವಾರ್ಡುಗಳಲ್ಲಿ, ರಾತ್ರಿ ರೈಲಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ಆಗ ಪತ್ರ ನಿಮ್ಮ ಫೋನಿನ Outbox ನಲ್ಲೇ ಕೂತಿರುತ್ತದೆ. ಹೊರಗೆ ಬಂದು Sent ನಲ್ಲಿ ಅದು ಕಾಣುತ್ತಿದೆಯೇ ನೋಡಿ. ಬೆಂಗಳೂರಿನ ಸಂದರ್ಶನಕ್ಕೆಂದು ಕುರುಗೋಡಿನಿಂದ ಬಳ್ಳಾರಿಗೆ ಬಂದು ಹಂಪಿ ಎಕ್ಸ್‌ಪ್ರೆಸ್ ಹತ್ತಿದ ಮೇಲೆ ಮನೆಯಿಂದ ಫೋನ್ ಬಂದರೆ, ಗುಂತಕಲ್‌ನಲ್ಲಿ ಇಳಿದು ನಿಲ್ದಾಣದಿಂದಲೇ ಪತ್ರ ಕಳಿಸಿ, ಆಮೇಲೆ ವಾಪಸು ಬರುವ ದಾರಿ ನೋಡಿ.

ಸಂದರ್ಶನಕ್ಕೆ ಇನ್ನು ಕೆಲವೇ ಗಂಟೆ ಇದ್ದಾಗ ಇಮೇಲ್ ಒಂದೇ ಸಾಲದು. ಕಚೇರಿ ತೆರೆಯುತ್ತಲೇ ಫೋನ್ ಮಾಡಿ. ‘ಸರ್’ ಅಥವಾ ‘ಮೇಡಂ, 10.30ರ ಸಂದರ್ಶನ ನನ್ನದು, ತಾಯಿ ಆಸ್ಪತ್ರೆಯಲ್ಲಿದ್ದಾರೆ, ರಾತ್ರಿ ಮೇಲ್ ಕಳಿಸಿದ್ದೇನೆ’ ಎಂದರೆ ಸಾಕು. ಅವರು ‘ವಿಡಿಯೊದಲ್ಲಿ ಮಾಡೋಣವೇ’ ಎಂದು ಕೇಳಬಹುದು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಒಪ್ಪಿಕೊಳ್ಳಬೇಡಿ. ನಿದ್ದೆಗೆಟ್ಟ ಮೈಯಲ್ಲಿ, ಸುತ್ತ ಗದ್ದಲವಿರುವಾಗ ಕೊಟ್ಟ ಉತ್ತರಗಳಿಂದಲೇ ನಿಮ್ಮನ್ನು ಅಳೆಯುತ್ತಾರೆ. 18ರಂದು ವಿಡಿಯೊಗೆ ಸಿದ್ಧ ಎಂದು ಹೇಳಿ.

ಎಲ್ಲೆಡೆಯೂ ಇದು ನಡೆಯುವುದಿಲ್ಲ. ಸರ್ಕಾರಿ ನೇಮಕಾತಿಯಲ್ಲಿ ಕರೆಪತ್ರದ ಸೂಚನೆಯೇ ಅಂತಿಮ. ದಿನ ಬದಲಿಸುವುದಿಲ್ಲ ಎಂದು ಅದರಲ್ಲಿ ಅಚ್ಚಾಗಿದ್ದರೆ ಮನೆಯವರನ್ನೆಲ್ಲ ಕೂಡಿಸಿ ಹೇಗಾದರೂ ಹೋಗಿಬರುವ ಏರ್ಪಾಡು ಮಾಡಿಕೊಳ್ಳಿ. ವಾಕ್-ಇನ್ ಸಂದರ್ಶನದಲ್ಲಿ ನಿಮ್ಮ ಹೆಸರಿಗೆ ಸಮಯವೇ ಇರುವುದಿಲ್ಲ, ಮುಂದಿನ ಸುತ್ತು ಯಾವಾಗ ಎಂದಷ್ಟೇ ಕೇಳಬಹುದು.

ಹೊಸ ದಿನ ಸಿಕ್ಕರೆ ಅದೇ ಪತ್ರಕ್ಕೆ ‘18ನೇ ತಾರೀಖು 11.30ಕ್ಕೆ ಬರುತ್ತೇನೆ, ಧನ್ಯವಾದ’ ಎಂದು ಅವತ್ತೇ ಉತ್ತರಿಸಿ. ಸಂಜೆಯವರೆಗೆ ಏನೂ ಬಾರದಿದ್ದರೆ ಮರುದಿನ ಬೆಳಿಗ್ಗೆ ಒಮ್ಮೆ ಫೋನ್ ಮಾಡಿ. ಆಗುವುದಿಲ್ಲ ಎಂದರೆ, ಮುಂದೆ ಇದೇ ಹುದ್ದೆಗೆ ಕರೆದಾಗ ನನ್ನ ಅರ್ಜಿಯನ್ನು ಪರಿಗಣಿಸಿ ಎಂದು ಎರಡು ಸಾಲು ಬರೆದು ಬಿಡಿ.