ಕಿಟಕಿಯ ಎತ್ತರ ರಾಡಿನಲ್ಲಿದೆ

ಕೀಲ್ಪಾಕ್‌ನ ಫ್ಲ್ಯಾಟಿಗೆ ಪರದೆ ತರಲು ಹೊರಟಿದ್ದೀಯಂತೆ, ಮಗಳೇ. ಅಂಗಡಿಯವನು ಮೊದಲು ಬಣ್ಣ ತೋರಿಸುತ್ತಾನೆ. ನೀನು ಮೊದಲು ಟೇಪು ಹಿಡಿ. ಬಟ್ಟೆ ಯಾವುದೆನ್ನುವುದಕ್ಕಿಂತ ರಾಡು ಎಲ್ಲಿ ಎನ್ನುವುದೇ ದೊಡ್ಡ ಮಾತು.

ನಿನ್ನ ಹಾಲಿನ ಕಿಟಕಿ ನಮ್ಮ ಕಡೆಯ ಹೆಚ್ಚಿನ ಫ್ಲ್ಯಾಟುಗಳಲ್ಲಿ ಇರುವಂಥದ್ದೇ: ನೆಲದಿಂದ 3 ಅಡಿಗೆ ಶುರು, 7 ಅಡಿಗೆ ಲಿಂಟಲ್, 4 ಅಡಿ ಅಗಲ. ಅದರ ಮೇಲೆ ಸೂರಿನ ತನಕ ಮೂರಡಿ ಗೋಡೆ ಬರಿದಾಗಿದೆ. ಲಿಂಟಲ್‌ಗೆ ತಾಗಿಸಿ ರಾಡು ಹಾಕಿ, ಕಿಟಕಿಯ ಕೆಳಗಂಚಿಗೆ ಪರದೆ ನಿಲ್ಲಿಸಿದರೆ ಗೋಡೆಯ ನಡುವೆ ಒಂದು ಚೌಕ ಮಾತ್ರ ಕಾಣುತ್ತದೆ. ಅದೇ ಪರದೆ ಸೂರಿನ ಹತ್ತಿರದಿಂದ ನೆಲದವರೆಗೆ ಇಳಿದರೆ ಕಣ್ಣು ಬಟ್ಟೆಯ ಉದ್ದವನ್ನೇ ಕಿಟಕಿಯ ಎತ್ತರ ಎಂದುಕೊಳ್ಳುತ್ತದೆ.

ಸಿದ್ಧ ಪರದೆಗಳು ಸಾಮಾನ್ಯವಾಗಿ 5, 7, 9 ಅಡಿಯಲ್ಲಿ ಸಿಗುತ್ತವೆ. ನೀನು 9 ಅಡಿಯದ್ದು ತಗೋ. ಐಲೆಟ್ ಪರದೆಯ ತುದಿ ರಾಡಿನ ಮೇಲೆ ಸುಮಾರು ಒಂದೂವರೆ ಇಂಚು ನಿಲ್ಲುತ್ತದೆ. ಹಾಗಾಗಿ ರಾಡು ನೆಲದಿಂದ 107 ಇಂಚಿಗೆ ಬಂದರೆ ಬಟ್ಟೆ ನೆಲದಿಂದ ಅರ್ಧ ಇಂಚು ಮೇಲಿರುತ್ತದೆ. ಆ ಅರ್ಧ ಇಂಚು ಬೇಕೇ ಬೇಕು. ದಿನಾ ನೆಲ ಒರೆಸುವ ಮನೆಯಲ್ಲಿ ಬಟ್ಟೆಯ ಅಂಚು ನೆಲಕ್ಕೆ ತಾಗಿದರೆ ಒದ್ದೆಯಾಗಿ ಕಪ್ಪಾಗುತ್ತದೆ. ಕಿಟಕಿಯ ಮೇಲೆ ಎಸಿ ಕೂತಿದ್ದರೆ ಮಾತ್ರ ರಾಡು ಅದರ ಕೆಳಗೇ ಇರಲಿ, ಗಾಳಿಗೆ ಬಟ್ಟೆ ಅಡ್ಡ ಬರಬಾರದು. ಆಗಲೂ ಪರದೆ ನೆಲದವರೆಗೆ ಇಳಿಯಲಿ.

ಅಗಲದ ಲೆಕ್ಕ ಹೀಗೆ. ಕಿಟಕಿಯ ಎರಡೂ ಬದಿಗೆ 9 ಇಂಚು ರಾಡು ಹೆಚ್ಚಿರಲಿ. ಸರಿಸಿದಾಗ ಬಟ್ಟೆ ಗಾಜನ್ನು ಮುಚ್ಚದೆ ಗೋಡೆಯ ಮೇಲೆ ಕೂರುತ್ತದೆ, ಎಳೆದಾಗ ಬದಿಯಿಂದ ಬಿಸಿಲಿನ ಗೀಟು ನುಗ್ಗುವುದಿಲ್ಲ. 48 ಇಂಚಿಗೆ 18 ಸೇರಿ ರಾಡು 66 ಇಂಚು. ನೆರಿಗೆ ತುಂಬಿ ಬೀಳಬೇಕಾದರೆ ಬಟ್ಟೆ ಅದರ ಎರಡು ಪಟ್ಟು, ಅಂದರೆ 132 ಇಂಚು. 48 ಇಂಚಿನ ಮೂರು ಪರದೆ ತಂದು, ಮೂರನೆಯದನ್ನು ಉದ್ದಕ್ಕೆ ಸೀಳಿ ಎರಡೂ ಕಡೆಗೆ ಜೋಡಿಸಲು ಟೈಲರ್‌ಗೆ ಹೇಳು. ಎರಡೇ ಪರದೆಯಲ್ಲಿ ಮುಗಿಸಿದರೆ ನೆರಿಗೆ ತೆಳುವಾಗಿ, ಎಳೆದಾಗ ಹಾಸಿಗೆಯ ಹೊದಿಕೆ ಒಣಹಾಕಿದಂತೆ ಕಾಣುತ್ತದೆ.

ಇಷ್ಟುದ್ದದ ರಾಡಿಗೆ ನಡುವೆಯೂ ಒಂದು ಬ್ರಾಕೆಟ್ ಕೊಡಿಸು, ಇಲ್ಲದಿದ್ದರೆ ಭಾರಕ್ಕೆ ಬಾಗುತ್ತದೆ. ಗೋಡೆ ಕೊರೆಯುವಾಗ ಪುಡಿಯ ಬಣ್ಣ ನೋಡು: ಕೆಂಪಾದರೆ ಇಟ್ಟಿಗೆ, ಬೂದು ಬಣ್ಣವಾದರೆ ಕಾಂಕ್ರೀಟು. ಎರಡೂ ಭಾರ ತಡೆಯುತ್ತವೆ. ಸಡಿಲ ಮರಳಷ್ಟೇ ಉದುರಿ ಪ್ಲಗ್ಗು ಆಡುತ್ತಿದ್ದರೆ ಮೊಳೆ ಬರೀ ಗಾರೆಯಲ್ಲಿದೆ; ಒಂದಿಂಚು ಪಕ್ಕಕ್ಕೆ ಸರಿಸಲು ಹೇಳು. ಬಾಡಿಗೆ ಮನೆ, ಕೊರೆಯುವ ಮೊದಲು ಮಾಲೀಕರನ್ನು ಕೇಳುವುದು ಮರೆಯಬೇಡ.

ಇನ್ನು ಬಿಸಿಲು ಮತ್ತು ಮರೆ. ಕೀಲ್ಪಾಕ್‌ನಲ್ಲಿ ಹಳೆಯ ತೋಟದ ಬಂಗಲೆಗಳಿದ್ದ ಜಾಗದಲ್ಲೆಲ್ಲ ಈಗ ಅಪಾರ್ಟ್‌ಮೆಂಟು. ಎದುರು ಮನೆಯವರ ಬಾಲ್ಕನಿ ನಿನ್ನ ಹಾಲಿಗೇ ಮುಖ ಮಾಡಿದೆ. ಅದಕ್ಕೇ ಜೋಡಿ ರಾಡು ಹಾಕಿಸು. ಗಾಜಿನ ಕಡೆಗೆ ತೆಳು ಬಿಳಿ ಪರದೆ, ಕೋಣೆಯ ಕಡೆಗೆ ದಪ್ಪದ್ದು. ಹಗಲಲ್ಲಿ ತೆಳುವಿನದೊಂದೇ ಸಾಕು: ಬೆಳಕು ಹರಡಿ ಕಣ್ಣಿಗೆ ಚುಚ್ಚುವುದಿಲ್ಲ, ಹೊರಗಿನವರಿಗೆ ಒಳಗೂ ಕಾಣುವುದಿಲ್ಲ. ಆದರೆ ದೀಪ ಹಚ್ಚಿದೊಡನೆ ಲೆಕ್ಕ ತಿರುಗುಮುರುಗು, ಬೆಳಕಿರುವ ಕಡೆಯೇ ಕಾಣುತ್ತದೆ. ಮೊದಲ ರಾತ್ರಿಯೇ ದೀಪ ಹಚ್ಚಿಟ್ಟು, ಕೆಳಗೆ ರಸ್ತೆಗಿಳಿದು ಒಮ್ಮೆ ನೋಡಿ ಬಾ. ಸಂಜೆ ದಪ್ಪ ಪರದೆ ಎಳೆಯುವ ಅಭ್ಯಾಸ ತಾನಾಗಿ ಬರುತ್ತದೆ.

ನಿನ್ನ ಕಿಟಕಿ ಪಡುವಣದ್ದು. ಮಧ್ಯಾಹ್ನ ಮೂರರ ಮೇಲೆ ಸೂರ್ಯ ಇಳಿದು ನೇರ ಟಿವಿಗೆ ಹೊಡೆಯುತ್ತಾನೆ. ದಪ್ಪ ಪರದೆಗೆ ಹಿಂದೆ ಬಿಳಿ ಲೈನಿಂಗ್ ಕೊಡಿಸು; ಬಿಸಿಲನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ, ಮುಂದಿನ ಬಟ್ಟೆಯ ಬಣ್ಣವೂ ಬೇಗ ಮಾಸುವುದಿಲ್ಲ. ಕಡುನೀಲಿ, ಕೆಂಪು ಪಡುವಣಕ್ಕೆ ಬೇಡ. ಹತ್ತಿ ಇಷ್ಟವಾದರೆ ಒಗೆದ ಮೇಲೆ ಹೊಲಿಸು, ಇಲ್ಲವೇ ಕೆಳಗೆ ಮೂರ್ನಾಲ್ಕು ಇಂಚು ಮಡಿಕೆ ಬಿಡಿಸು. ನೂರಕ್ಕೆ ಮೂರರಷ್ಟು ಕುಗ್ಗಿದರೂ 9 ಅಡಿಯಲ್ಲಿ ಮೂರಿಂಚು ಹೋಯಿತು, ಪಟ್ಟ ಶ್ರಮವೆಲ್ಲ ಕಣಕಾಲಿನ ಮೇಲೆ ನಿಲ್ಲುತ್ತದೆ. ತೆಳು ಪರದೆ ಪಾಲಿಯೆಸ್ಟರ್ ಆಗಿರಲಿ. ಐಪ್ಪಸಿ, ಕಾರ್ತಿಕದ ಮಳೆಯ ಎರಚಲಿಗೆ ನೆನೆದರೂ ಬೇಗ ಒಣಗುತ್ತದೆ.

ಒಂದು ಮಾತು ನೆನಪಿಟ್ಟುಕೋ: ಒಳಗಿನ ಪರದೆ ಕಣ್ಣು ಕುಕ್ಕುವುದನ್ನು ತಪ್ಪಿಸುತ್ತದೆ, ಸೆಕೆಯನ್ನಲ್ಲ. ಗಾಜು ದಾಟಿದ ಬಿಸಿ ಬಹುಪಾಲು ಮನೆಯೊಳಗೇ ಉಳಿಯುತ್ತದೆ. ಮೇ ತಿಂಗಳಿಗೆ ಕಿಟಕಿಯ ಹೊರಗೆ ಬಿದಿರಿನ ತಟ್ಟಿಯನ್ನೇ ಇಳಿಬಿಡು. ಪರದೆಗೆ ಹೆಚ್ಚು ಹಣ ಸುರಿಯಬೇಡ. ಬಟ್ಟೆ ಸಾದಾ ಆಗಿರಲಿ, ರಾಡು ಎತ್ತರದಲ್ಲಿರಲಿ.